ಕಾಫಿ ಟ್ರೇ ಇಳಿಯುವ ಜಾಗ: ಒಂದು ಟೀಪಾಯಿ, ಒಂದು ಕನ್ಸೋಲ್

"ಅಕ್ಕಾ, ನಮ್ಮ ಟೀಪಾಯಿ ಒಂದು ದಿನಾನೂ ನೆಟ್ಟಗೆ ಕಾಣಲ್ಲ. ನೀನೇ ಬಂದು ಏನಾದ್ರೂ ಇಟ್ಟುಕೊಡು" ಅಂತ ಚಿಕ್ಕಮ್ಮನ ಮಗಳು ಫೋನ್ ಮಾಡಿದಾಗ ನಾನು ಸುಲಭದ ಕೆಲಸ ಅಂದುಕೊಂಡೆ. ಮನೆ ಒಳಾಂಗಣದ ಕೆಲಸ ಮಾಡುತ್ತ ಹನ್ನೊಂದು ವರ್ಷ ಆಯಿತು. ಒಂದು ಟೀಪಾಯಿ, ಬಾಗಿಲ ಹತ್ತಿರ ಒಂದು ಕನ್ಸೋಲ್ ಟೇಬಲ್. ಅಬ್ಬಬ್ಬಾ ಅಂದರೆ ಒಂದು ಭಾನುವಾರ. ಕೊನೆಗೆ ಅದು ಎರಡು ತಿಂಗಳು ಹಿಡಿಯಿತು. ಮೊದಲನೇ ಸಲ ನಾನು ಮಾಡಿಟ್ಟದ್ದು ಒಂದು ವಾರವೂ ನಿಲ್ಲಲಿಲ್ಲ. ಯಾಕೆ ನಿಲ್ಲಲಿಲ್ಲ, ಎರಡನೇ ಸಲ ಏನು ಬದಲಾಯಿತು ಅನ್ನೋದನ್ನು ಅಳತೆ ಸಮೇತ ಬರೆದಿಟ್ಟುಕೊಂಡಿದ್ದೆ. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಮನೆ ಇರುವುದು ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ. ಮೂರನೇ ಮಹಡಿ, ಎರಡು ಬೆಡ್‌ರೂಮಿನ ಫ್ಲ್ಯಾಟ್. ಹಾಲ್‌ನ ಕಿಟಕಿ ರಸ್ತೆ ಕಡೆಗೆ ತೆರೆಯುತ್ತದೆ, ಹಾಗಾಗಿ ಧೂಳು ಜಾಸ್ತಿ. ಮನೆಯಲ್ಲಿ ನಾಲ್ಕು ಜನ. ಅವಳು, ಅವಳ ಗಂಡ, ಐದು ವರ್ಷದ ಮಗಳು, ಮತ್ತೆ ಅವಳ ಅತ್ತೆ. ಅವಳ ಅತ್ತೆಯನ್ನು ನಾನೂ ಅತ್ತೆ ಅಂತಲೇ ಕರೆಯುತ್ತೇನೆ. ಬೆಳಿಗ್ಗೆ ಎಂಟಕ್ಕೆ ಮನೆ ಕೆಲಸಕ್ಕೆ ಒಬ್ಬರು ಬರುತ್ತಾರೆ. ಅವರನ್ನು ಯಾಕೆ ಲೆಕ್ಕಕ್ಕೆ ಸೇರಿಸಿದೆ ಅಂತ ಮುಂದೆ ಗೊತ್ತಾಗುತ್ತದೆ.

ಟೀಪಾಯಿ ಶೀಶಮ್ ಮರದ್ದು. 42 ಇಂಚು ಉದ್ದ, 22 ಇಂಚು ಅಗಲ, 16 ಇಂಚು ಎತ್ತರ. ಕೆಳಗೆ ಇನ್ನೊಂದು ಹಲಗೆ ಇದೆ. ಸೋಫಾದ ಸೀಟು 17 ಇಂಚು ಎತ್ತರ, ಸೋಫಾಕ್ಕೂ ಟೀಪಾಯಿಗೂ ನಡುವೆ 15 ಇಂಚು. ಕೂತಲ್ಲಿಂದ ಕೈಗೆ ಲೋಟ ಸಿಗುತ್ತದೆ, ಮಧ್ಯೆ ಕಾಲೂ ಆಡುತ್ತದೆ. ಟೇಬಲ್‌ನಲ್ಲೂ ಅದನ್ನು ಇಟ್ಟ ರೀತಿಯಲ್ಲೂ ಏನೂ ತಪ್ಪಿರಲಿಲ್ಲ. ತಪ್ಪಿದ್ದದ್ದು ಅದರ ಮೇಲೆ.

ಕನ್ಸೋಲ್ ಇರುವುದು ಮುಂಬಾಗಿಲಿನಿಂದ ಒಳಗೆ ಬಂದ ತಕ್ಷಣ ಬಲಗಡೆ ಗೋಡೆಗೆ. 36 ಇಂಚು ಉದ್ದ, 11 ಇಂಚು ಆಳ, 31 ಇಂಚು ಎತ್ತರ. ಒಂದು ತೆಳುವಾದ ಡ್ರಾಯರ್, ಕೆಳಗೆ ಒಂದು ಹಲಗೆ. ಮನೆಯಲ್ಲಿ ಯಾರೂ ಅದನ್ನು ಕನ್ಸೋಲ್ ಅನ್ನುವುದಿಲ್ಲ. "ಬಾಗಿಲ ಹತ್ರದ ಟೇಬಲ್" ಅಷ್ಟೇ.

ಮೊದಲ ಸಲ

ಆ ಭಾನುವಾರ ನಾನು ಮಾಡಿದ್ದು ಫೋಟೋದಲ್ಲಿ ಕಾಣುವಂಥದ್ದು. ಟೀಪಾಯಿಯ ನಟ್ಟನಡುವೆ ಒಂದು ದುಂಡು ಟ್ರೇ. ಅದರ ಮೇಲೆ ದಪ್ಪ ಚಿತ್ರದ ಪುಸ್ತಕ ಮೂರು, ಒಂದರ ಮೇಲೊಂದು. ಪುಸ್ತಕದ ಮೇಲೆ ಒಂದು ಮೇಣದಬತ್ತಿ. ಪಕ್ಕದಲ್ಲಿ ಗಾಜಿನ ಹೂಜಿಯಲ್ಲಿ ಪಾಂಪಸ್ ಅಂತಾರಲ್ಲ, ಆ ಒಣ ಹುಲ್ಲಿನ ಗೊಂಚಲು. ಕನ್ಸೋಲ್ ಮೇಲೆ ಹಿತ್ತಾಳೆ ಉರುಳಿ, ಅದರ ತುಂಬ ನೀರು, ನೀರಿನ ಮೇಲೆ ಸೇವಂತಿಗೆ. ಫೋಟೋ ತೆಗೆದೆವು. ಚೆನ್ನಾಗಿಯೇ ಬಂತು. ಅವಳಿಗೂ ಖುಷಿ, ನನಗೂ ಖುಷಿ.

ಗುರುವಾರ ಸಂಜೆ ಅವಳು ಕಳಿಸಿದ ಫೋಟೋ ಬೇರೆಯೇ ಇತ್ತು. ಕಾಫಿಯ ಟ್ರೇ ಪುಸ್ತಕದ ಮೇಲೆ ಕೂತಿತ್ತು, ಒಂದು ಕಡೆಗೆ ವಾಲಿಕೊಂಡು. ಮೇಣದಬತ್ತಿ ಟಿವಿ ಸ್ಟ್ಯಾಂಡ್ ಸೇರಿತ್ತು. ರಿಮೋಟುಗಳು ಸೋಫಾದ ಕೈ ಮೇಲೆ. ಒಣ ಹುಲ್ಲನ್ನು ಅತ್ತೆ ಬಾಲ್ಕನಿಗೆ ಹಾಕಿದ್ದರು. ಅವರು ಮಾಡಿದ್ದು ಸರಿಯೇ. ಫ್ಯಾನ್ ಮೂರರಲ್ಲಿ ತಿರುಗಿದರೆ ಸಾಕು, ಅದರ ನಾರು ಉದುರುತ್ತದೆ. ಉದುರಿ ಅತ್ತೆಯ ಕಾಫಿಯಲ್ಲೇ ಬಿದ್ದಿತ್ತು. "ಬೆಕ್ಕು ಸಾಕಿದ ಹಾಗಾಯ್ತು ಕಣಮ್ಮ" ಅಂದರಂತೆ.

ಉರುಳಿಯದ್ದು ಇನ್ನೂ ಕೆಟ್ಟ ಕಥೆ. ಮೂರನೇ ದಿನ ಮಗು ಅದರಲ್ಲಿ ಕಾಗದದ ದೋಣಿ ಬಿಟ್ಟಿದ್ದಾಳೆ. ಅದು ಪರವಾಗಿಲ್ಲ. ಆದರೆ ಎರಡು ದಿನ ಹೂವು ಬದಲಾಯಿಸಿದವರು ಆಮೇಲೆ ಮರೆತಿದ್ದಾರೆ. ಎಂಟನೇ ದಿನ ನಾನೇ ಹೋಗಿ ನೋಡಿದಾಗ ನೀರಿನಲ್ಲಿ ಸಣ್ಣ ಸಣ್ಣ ಹುಳುಗಳು ಕೊಂಕಿ ಕೊಂಕಿ ಆಡುತ್ತಿದ್ದವು. ಸೊಳ್ಳೆ ಮರಿ. ಡೆಂಗಿ ಹರಡುವ ಸೊಳ್ಳೆಗೆ ಇಂಥ ನಿಂತ ತಿಳಿನೀರೇ ಬೇಕು, ಮೊಟ್ಟೆಯಿಂದ ಹಾರುವ ಸೊಳ್ಳೆ ಆಗುವುದಕ್ಕೆ ಒಂದು ವಾರ, ಹತ್ತು ದಿನ ಸಾಕು. ಮಳೆಗಾಲದ ಬೆಂಗಳೂರು. ಮನೆಯೊಳಗೆ ಸೊಳ್ಳೆಗೆ ತೊಟ್ಟಿ ಕಟ್ಟಿಕೊಟ್ಟವಳು ನಾನೇ. ನೀರು ಚೆಲ್ಲಿ, ಉರುಳಿಯನ್ನು ಉಜ್ಜಿ ತೊಳೆದು ಒರೆಸಿ ಅಟ್ಟಕ್ಕೆ ಹಾಕಿದೆವು. ಮೊಟ್ಟೆ ಪಾತ್ರೆಯ ಅಂಚಿಗೆ ಅಂಟಿಕೊಂಡಿರುತ್ತದೆ, ಬರೀ ನೀರು ಚೆಲ್ಲಿದರೆ ಹೋಗುವುದಿಲ್ಲ.

ಮುಟ್ಟದೆ ನೋಡಿದ ಮೂರು ದಿನ

ಎರಡನೇ ಸಲ ಏನನ್ನೂ ಇಡಲಿಲ್ಲ. ಟೀಪಾಯಿ, ಕನ್ಸೋಲ್ ಎರಡನ್ನೂ ಪೂರ್ತಿ ಖಾಲಿ ಮಾಡಿ ಒರೆಸಿ, "ಮೂರು ದಿನ ನೀವು ಮಾಮೂಲಿನ ಹಾಗೆ ಇರಿ. ಬೆಳಿಗ್ಗೆ ಒಂಬತ್ತಕ್ಕೆ, ರಾತ್ರಿ ಒಂಬತ್ತಕ್ಕೆ ಒಂದೊಂದು ಫೋಟೋ ಕಳಿಸು. ಫೋಟೋಕ್ಕೆ ಅಂತ ಏನನ್ನೂ ಎತ್ತಿಡಬೇಡ" ಅಂದೆ.

ಆರು ಫೋಟೋ ಬಂದವು. ಟೀಪಾಯಿ ಮೇಲೆ ಒಟ್ಟು ಇಪ್ಪತ್ತಮೂರು ಬಗೆಯ ಸಾಮಾನು ಎಣಿಸಿದೆ. ಕ್ರೇಯಾನ್, ಮೊಸರಿನ ಬಟ್ಟಲು, ಕೂದಲಿನ ಕ್ಲಿಪ್ಪು, ಔಷಧಿ ಸ್ಟ್ರಿಪ್ಪು, ಲ್ಯಾಪ್‌ಟಾಪ್, ಚಾರ್ಜರ್, ಅರ್ಧ ಬಿಡಿಸಿದ ಬೆಳ್ಳುಳ್ಳಿ. ಇಪ್ಪತ್ತಮೂರು ಅಂದರೆ ತಲೆ ಕೆಡುತ್ತದೆ. ಆದರೆ ಆರೂ ಫೋಟೋದಲ್ಲಿ ತಪ್ಪದೆ ಇದ್ದವು ನಾಲ್ಕೇ. ರಿಮೋಟು, ಪೇಪರ್, ಅತ್ತೆಯ ಕನ್ನಡಕ, ಕಾಫಿ ಕುಡಿದ ಲೋಟ. ಉಳಿದ ಹತ್ತೊಂಬತ್ತು ಬಂದು ಹೋಗುವ ನೆಂಟರು.

ಅಲ್ಲಿಗೆ ನನ್ನ ತಪ್ಪು ಕಂಡಿತು. ಮೊದಲ ಸಲ ಆ ನಾಲ್ಕರಲ್ಲಿ ಒಂದಕ್ಕೂ ನಾನು ಜಾಗ ಕೊಟ್ಟಿರಲಿಲ್ಲ. ಅವು ಹೇಗೂ ಬರುತ್ತವೆ. ಜಾಗ ಕೊಡದಿದ್ದರೆ ನಾನು ಇಟ್ಟದ್ದನ್ನು ತಳ್ಳಿ ತಾವು ಕೂರುತ್ತವೆ.

ಇನ್ನೊಂದು ವಿಷಯ ಫೋಟೋದಲ್ಲಿ ಕಾಣಲಿಲ್ಲ, ಅಲ್ಲೇ ಕೂತು ನೋಡಿದ ಮೇಲೆ ಗೊತ್ತಾಯಿತು. ಸಂಜೆ ಕಾಫಿ ತಂದವಳು ಅಡುಗೆಮನೆ ಕಡೆಯಿಂದ, ಅಂದರೆ ಟೀಪಾಯಿಯ ಬಲತುದಿಯಿಂದ ಬಂದಳು. ಎರಡೂ ಕೈಯಲ್ಲಿ ಟ್ರೇ. ಟ್ರೇ ಇಡಲು ಜಾಗ ಇಲ್ಲ ಅಂದರೆ ಅವಳಿಗೆ ಇನ್ನೊಂದು ಕೈ ಇಲ್ಲ, ಏನನ್ನೂ ಸರಿಸುವ ಹಾಗಿಲ್ಲ. ಒಂದು ಕ್ಷಣ ಬಗ್ಗಿ ನಿಂತಳು. ಮಗಳನ್ನು ಕರೆದಳು. ಮಗಳು ಬಂದು ಕೈಯಿಂದ ಗುಡಿಸಿದ ಹಾಗೆ ಎಲ್ಲವನ್ನೂ ಎಡಕ್ಕೆ ತಳ್ಳಿದಳು. ನಾವು ಒಪ್ಪವಾಗಿ ಜೋಡಿಸಿದ್ದೆಲ್ಲ ಹಾಳಾಗುವುದು ದಿನಕ್ಕೆ ಎರಡು ಸಲ, ಇದೇ ಒಂದು ಗಳಿಗೆಯಲ್ಲಿ.

ಕಾಫಿ ಟ್ರೇಯನ್ನು ಅಳೆದೆ. 16 ಇಂಚಿಗೆ 12. ಸುತ್ತ ಬೆರಳು ಆಡಬೇಕಲ್ಲ, ಹಾಗಾಗಿ 18 ಇಂಚು ಲೆಕ್ಕ. ಟೀಪಾಯಿಯ ಬಲಗಡೆ 18 ಇಂಚು ಯಾವಾಗಲೂ ಖಾಲಿ ಅಂತ ಮೊದಲು ಗುರುತು ಹಾಕಿದೆ. ಪೇಂಟರ್‌ಗಳು ಬಳಸುವ ಕಾಗದದ ಟೇಪ್ ಹಚ್ಚಿ ನಿಜವಾಗಿಯೇ ಗೆರೆ ಎಳೆದೆ. ಇಲ್ಲಿ ಏನೂ ಇಡುವಂತಿಲ್ಲ, ಎಷ್ಟೇ ಚಂದದ್ದಾದರೂ. ಉಳಿದ 24 ಇಂಚಿನಲ್ಲಿ ಮಾತ್ರ ನಮ್ಮ ಅಲಂಕಾರ. ಅದರಲ್ಲೂ ನಡುವಿನ 9 ಇಂಚು ಮೊಣಕೈಗೆ, ಲ್ಯಾಪ್‌ಟಾಪಿಗೆ, ಚಕ್ಕುಲಿ ತಟ್ಟೆಗೆ. ಅಂದರೆ ನನಗೆ ಸಿಕ್ಕಿದ್ದು ಎಡತುದಿಯ 15 ಇಂಚು. ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ.

ಕಡಿಮೆ ಅನ್ನಿಸುತ್ತೆ ಅಲ್ವಾ? ನನಗೂ ಅನ್ನಿಸಿತು. ಆದರೆ ಒಂದು ಬದಿ ತುಂಬಿ ಇನ್ನೊಂದು ಬದಿ ಖಾಲಿ ಇದ್ದರೆ ಕಣ್ಣಿಗೆ ಅದು ಬೇಕಂತಲೇ ಮಾಡಿದ ಹಾಗೆ ಕಾಣುತ್ತದೆ. ನಡುವೆ ಇಟ್ಟರೆ ನಾಲ್ಕೂ ಕಡೆ ಸಣ್ಣ ಸಣ್ಣ ಅಂಚು ಉಳಿಯುತ್ತದೆ. ಯಾವ ಅಂಚಿನಲ್ಲೂ ಒಂದು ತಟ್ಟೆ ಕೂರುವುದಿಲ್ಲ. ಟೀಪಾಯಿ ಚಿಕ್ಕದಾದಷ್ಟೂ ನಟ್ಟನಡುವೆ ಇಡುವುದು ದಂಡ.

ಟೀಪಾಯಿ ಮೇಲೆ ಕೊನೆಗೆ ಉಳಿದದ್ದು

ಎಡತುದಿಗೆ 14 ಇಂಚಿಗೆ 10 ಇಂಚಿನ ಮರದ ಟ್ರೇ. ಅಂಚು ಒಂದು ಇಂಚು ಎತ್ತರ, ಎರಡು ಕಡೆ ಹಿಡಿ. ಅದರೊಳಗೆ ಮೂರು ವಸ್ತು.

ಹಿಂದೆ ಒಂದು ಬೆತ್ತದ ಪೆಟ್ಟಿಗೆ, ರಿಮೋಟುಗಳಿಗೆ. ಇದು ಎರಡನೆಯದು. ಮೊದಲು ತಂದದ್ದು ಮುಚ್ಚಳ ಇದ್ದ ಚಂದದ ಪೆಟ್ಟಿಗೆ. ಒಳಗಿನ ಅಳತೆ 7 ಇಂಚು. ಸೆಟ್‌ಟಾಪ್ ಬಾಕ್ಸಿನ ರಿಮೋಟು ಎಂಟೂವರೆ ಇಂಚು. ಓರೆಯಾಗಿ ಇಟ್ಟರೆ ಮುಚ್ಚಳ ಬಾಯಿ ಬಿಡುತ್ತಿತ್ತು. ಅಂಗಡಿಗೆ ಹೋಗುವಾಗ ಮನೆಯ ಉದ್ದದ ರಿಮೋಟನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ ಅಂತ ಈಗ ಎಲ್ಲರಿಗೂ ಹೇಳುತ್ತೇನೆ. ಆದರೆ ಉದ್ದ ಸರಿಯಿದ್ದಿದ್ದರೂ ಆ ಪೆಟ್ಟಿಗೆ ಸೋಲುತ್ತಿತ್ತು. ಮುಚ್ಚಳ ಅಂದರೆ ಒಂದು ಕೆಲಸ ಜಾಸ್ತಿ. ದಿನಕ್ಕೆ ಹತ್ತು ಸಲ ಮುಟ್ಟುವ ಸಾಮಾನಿಗೆ ಆ ಒಂದು ಕೆಲಸವನ್ನು ಯಾರೂ ಮಾಡುವುದಿಲ್ಲ. ಅವಳ ಗಂಡ ರಿಮೋಟನ್ನು ಮುಚ್ಚಿದ ಪೆಟ್ಟಿಗೆಯ ಮೇಲೆ ಇಟ್ಟು ಮಲಗುತ್ತಿದ್ದರು. ಈಗಿನದು ತೆರೆದ ಬಾಯಿಯದು. ಒಳಗೆ ಒಂಬತ್ತೂವರೆ ಇಂಚು ಉದ್ದ, ಅಗಲ ನಾಲ್ಕೂವರೆ, ಎತ್ತರ ಎರಡೂವರೆ. ಮೂರು ರಿಮೋಟು ಮಲಗಿದರೆ ಅಂಚಿನಿಂದ ಮೇಲೆ ಬರುವುದಿಲ್ಲ. ಸೋಫಾದಲ್ಲಿ ಕೂತವರಿಗೆ ಕಪ್ಪು ಪ್ಲಾಸ್ಟಿಕ್ಕಿನ ಬದಲು ಬೆತ್ತದ ಹೆಣಿಗೆ ಕಾಣುತ್ತದೆ. ಅಷ್ಟು ಮರೆ ಸಾಕು.

ಮುಂದೆ, ಅತ್ತೆ ಕೂರುವ ಕಡೆಗೆ, ಚನ್ನಪಟ್ಟಣದ ಅರಗಿನ ಬಣ್ಣದ ಮರದ ಬಟ್ಟಲು. ಬಾಯಿ ಐದು ಇಂಚು, ಆಳ ಎರಡು. ಅದು ಕನ್ನಡಕಕ್ಕೆ. ಗಾಜಿಗೆ ಗೀರು ಬೀಳದಿರಲಿ ಅಂತ ಅತ್ತೆಯೇ ಹಳೇ ಹತ್ತಿ ಸೀರೆಯ ತುಂಡನ್ನು ದುಂಡಗೆ ಕತ್ತರಿಸಿ ತಳಕ್ಕೆ ಹಾಸಿದರು. ಹಳದಿ ಬಟ್ಟಲು, ಒಳಗೆ ಮಾಸಿದ ನೀಲಿ ಬಟ್ಟೆ. ನಾನು ಎಷ್ಟು ತಲೆ ಕೆಡಿಸಿಕೊಂಡರೂ ಆ ಎರಡು ಬಣ್ಣ ಜೊತೆಗಿಡುತ್ತಿರಲಿಲ್ಲ. ಈಗ ಇಡೀ ಟೀಪಾಯಿಯಲ್ಲಿ ನನಗೆ ಇಷ್ಟವಾಗುವುದು ಅದೇ. ಆ ಬಟ್ಟಲಿಗೆ ಒಂದೇ ಪಥ್ಯ, ಬಿಸಿ ಲೋಟ ಅದರ ಹತ್ತಿರ ಬರಬಾರದು. ಚನ್ನಪಟ್ಟಣದಲ್ಲಿ ಚರಕಿ ಮೇಲೆ ಮರ ತಿರುಗುವಾಗ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬಿಸಿಗೆ ಹತ್ತಿದ್ದು ಬಿಸಿಗೇ ಮೆತ್ತಗಾಗುತ್ತದೆ, ಮತ್ತೆ ಮಂಕಾದ ಕಲೆ ಉಳಿಯುತ್ತದೆ.

ಮೂರನೆಯದು ಅವರ ಮನೆಯದೇ ಹಳೇ ಹಿತ್ತಾಳೆ ಚೊಂಬು. ಆರು ಇಂಚು ಎತ್ತರ. ಅದರಲ್ಲಿ ಒಂದೇ ಒಂದು ಕ್ರೋಟನ್ ಕಡ್ಡಿ ಅಥವಾ ಮನಿ ಪ್ಲಾಂಟ್ ಬಳ್ಳಿ. ನೀರು ಇದೆ, ಹೌದು. ಆದರೆ ಉರುಳಿಯ ಪಾಠ ಮರೆತಿಲ್ಲ. ಬಾಯಿ ಚಿಕ್ಕದು, ನೀರು ಒಂದು ಲೋಟದಷ್ಟು, ಬುಧವಾರ ಒಂದು ಸಲ, ಭಾನುವಾರ ಒಂದು ಸಲ ಚೆಲ್ಲಿ ಒಳಗೆ ಕೈಯಾಡಿಸಿ ತೊಳೆಯಬೇಕು. ಊರಿಗೆ ಹೋಗುವಾಗ ಖಾಲಿ ಮಾಡಿ ಬೋರಲು ಹಾಕಬೇಕು. ಇದು ಆಗಲ್ಲ ಅನ್ನುವ ಮನೆಗೆ ನಾನು ನೀರಿನ ಪಾತ್ರೆಯನ್ನೇ ಕೊಡುವುದಿಲ್ಲ.

ಮೂರಕ್ಕೂ ಮೂರು ಎತ್ತರ. ಬಟ್ಟಲು ಎರಡು ಇಂಚು, ಪೆಟ್ಟಿಗೆ ಎರಡೂವರೆ, ಚೊಂಬು ಎಲೆ ಸೇರಿ ಹನ್ನೊಂದು. ಒಂದು ಎತ್ತರ, ಎರಡು ತಗ್ಗು ಇದ್ದರೆ ಗುಂಪಿಗೆ ಒಂದು ಆಕಾರ ಬರುತ್ತದೆ, ಅದು ಎಲ್ಲರಿಗೂ ಗೊತ್ತಿರುವ ಮಾತು. ಎತ್ತರ ಎಲ್ಲಿಗೆ ನಿಲ್ಲಬೇಕು ಅನ್ನುವುದಕ್ಕೆ ಮಾತ್ರ ಸಾಮಾನ್ಯವಾಗಿ ಟಿವಿಗೆ ಅಡ್ಡ ಬರುತ್ತದೆ ಅಂತ ಕಾರಣ ಕೊಡುತ್ತಾರೆ. ಇಲ್ಲಿ ಲೆಕ್ಕ ಹಾಕಿದೆ. ಸೋಫಾದಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು 42 ಇಂಚಿನಲ್ಲಿ. ಟಿವಿಯ ಕೆಳ ಅಂಚು 24 ಇಂಚಿನಲ್ಲಿ, ಹತ್ತು ಅಡಿ ದೂರದಲ್ಲಿ. ಆ ನೋಟ ಟೀಪಾಯಿಯ ಮೇಲೆ ಹಾದುಹೋಗುವಾಗ ಟೀಪಾಯಿಗಿಂತ 20 ಇಂಚು ಮೇಲಿರುತ್ತದೆ. ಅಂದರೆ ಕಣ್ಣಿಗೆ ಅಡ್ಡ ಬರುವುದು ಬಹಳ ಆಮೇಲೆ. ಮೊದಲು ಅಡ್ಡ ಬರುವುದು ಕೈಗೆ. ಒಬ್ಬರು ಇನ್ನೊಬ್ಬರಿಗೆ ಲೋಟ ದಾಟಿಸುವಾಗ ಮೊಣಕೈ ಟೀಪಾಯಿಯಿಂದ ಒಂದು ಅಡಿ ಮೇಲೆ ಸಾಗುತ್ತದೆ. ಹಾಗಾಗಿ ಒಂದು ಅಡಿಯ ಒಳಗೆ. ಅದೂ ಗಟ್ಟಿ ತಳದ್ದಾಗಿರಬೇಕು. ಚೊಂಬು ಹೊಟ್ಟೆ ದಪ್ಪ, ನೀರು ಕೆಳಗೆ, ತಟ್ಟಿದರೂ ಅಲ್ಲಾಡಿ ನಿಲ್ಲುತ್ತದೆ. ಉದ್ದ ಕತ್ತಿನ ಗಾಜಿನ ಹೂಜಿ ನಿಲ್ಲುವುದಿಲ್ಲ.

ಇಷ್ಟಕ್ಕೆ ಟ್ರೇ ಯಾಕೆ, ನೇರ ಟೀಪಾಯಿ ಮೇಲೇ ಇಡಬಹುದಲ್ಲ? ಇಲ್ಲಿ ಬರುತ್ತಾರೆ ಮನೆ ಕೆಲಸದವರು. ದಿನಾ ಬೆಳಿಗ್ಗೆ ಒರೆಸುವವರು ಅವರು. ಬಿಡಿ ಬಿಡಿಯಾಗಿ ಇದ್ದರೆ ಒಂದೊಂದನ್ನೇ ಎತ್ತಿ, ಒರೆಸಿ, ಮತ್ತೆ ಇಡಬೇಕು. ಯಾರಿಗೆ ಅಷ್ಟು ಹೊತ್ತು? ಸುತ್ತ ಒರೆಸಿ ಬಿಡುತ್ತಾರೆ, ವಾರದಲ್ಲಿ ಪ್ರತಿ ವಸ್ತುವಿನ ಸುತ್ತ ಧೂಳಿನ ಬಳೆ. ಟ್ರೇ ಇದ್ದರೆ ಒಂದೇ ಎತ್ತು. ಟ್ರೇ, ಪೆಟ್ಟಿಗೆ, ಬಟ್ಟಲು, ನೀರು ತುಂಬಿದ ಚೊಂಬು ಎಲ್ಲ ಸೇರಿಸಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಎರಡು ಕಿಲೋ ಚಿಲ್ಲರೆ. ಅವರಿಂದಲೇ ಎತ್ತಿಸಿ ನೋಡಿದೆ. "ಇದು ಪರವಾಗಿಲ್ಲ ಮೇಡಂ, ಮೊದಲಿನ ಪುಸ್ತಕ ಎತ್ತಕ್ಕೇ ಆಗ್ತಿರ್ಲಿಲ್ಲ" ಅಂದರು. ಟ್ರೇಯ ತಳಕ್ಕೆ ನಾಲ್ಕು ಮೂಲೆಗೂ ಫೆಲ್ಟ್ ತುಂಡು ಅಂಟಿಸಿದೆ. ಇಲ್ಲದಿದ್ದರೆ ಎಳೆದಾಗ ಪಾಲಿಷ್ ಮೇಲೆ ಗೀರು ಬೀಳುತ್ತದೆ.

ಪೇಪರು ಕೆಳಗಿನ ಹಲಗೆಗೆ ಹೋಯಿತು, ಮಗುವಿನ ಕ್ರೇಯಾನ್ ಡಬ್ಬಿಯೂ ಅಲ್ಲೇ. ಔಷಧಿಯನ್ನು ಮಾತ್ರ ಹಾಲ್‌ನಿಂದಲೇ ತೆಗೆಸಿದೆ. ಐದು ವರ್ಷದ ಮಗು ಇರುವ ಮನೆಯಲ್ಲಿ ಗುಳಿಗೆಗೆ ಚಂದದ ಡಬ್ಬಿ ಕೊಡುವುದು ಅಂದರೆ ಕರೆದು ಕೊಟ್ಟ ಹಾಗೆ. ಅತ್ತೆ ಗುಳಿಗೆ ತೆಗೆದುಕೊಳ್ಳುವುದು ಊಟದ ಮೇಲೆ, ಹಾಗಾಗಿ ಊಟದ ಟೇಬಲ್ ಹತ್ತಿರದ ಮೇಲಿನ ಕಪಾಟಿಗೆ ಹೋಯಿತು.

ಬಾಗಿಲ ಹತ್ರದ ಟೇಬಲ್

ಕನ್ಸೋಲ್‌ಗೂ ಅದೇ ದಾರಿ. ಮೊದಲು ಏನು ಬಂದು ಬೀಳುತ್ತದೆ ಅಂತ ನೋಡಿದೆ. ಬೀಗದ ಕೈ, ಪಾರ್ಸೆಲ್, ಬಿಲ್ಲು, ತರಕಾರಿ ಚೀಲ. ಮತ್ತೆ ಎರಡು ಹೆಲ್ಮೆಟ್. ಬೆಂಗಳೂರಿನ ಯಾವ ಮನೆಯ ಕನ್ಸೋಲ್ ಫೋಟೋದಲ್ಲೂ ಹೆಲ್ಮೆಟ್ ಕಾಣುವುದಿಲ್ಲ, ಆದರೆ ಯಾವ ಮನೆಯಲ್ಲೂ ಹೆಲ್ಮೆಟ್ ಇಲ್ಲದ ಕನ್ಸೋಲ್ ಇಲ್ಲ.

ಹೆಲ್ಮೆಟ್ಟನ್ನು ಜನ ಮುಖ ಹೊರಗೆ ಮಾಡಿ ಇಡುತ್ತಾರೆ. ಹಾಗಿಟ್ಟರೆ ಮುಂದಿನಿಂದ ಹಿಂದಿಗೆ 14 ಇಂಚು, ಟೇಬಲ್‌ನ ಆಳ 11. ಮೂರು ಇಂಚು ಹೊರಗೆ ಚಾಚುತ್ತದೆ, ದಾರಿಯಲ್ಲಿ ಹೋಗುವವರ ತೊಡೆಗೆ ತಾಗುತ್ತದೆ, ದಿನಕ್ಕೊಮ್ಮೆ ಉರುಳುತ್ತದೆ. ಗೋಡೆಗೆ ಸಮನಾಗಿ ಅಡ್ಡ ತಿರುಗಿಸಿದರೆ ಅದೇ ಹೆಲ್ಮೆಟ್ಟು ಹತ್ತು ಇಂಚು ಆಳದಲ್ಲಿ ಕೂರುತ್ತದೆ. ಕೆಳಗಿನ ಹಲಗೆಯಲ್ಲಿ ಕಾಲುಗಳ ನಡುವೆ 33 ಇಂಚು ಇತ್ತು. 15 ಇಂಚು ಉದ್ದ, 11 ಇಂಚು ಅಗಲದ ಎರಡು ಬುಟ್ಟಿ ಪಕ್ಕಪಕ್ಕ ಕೂತವು. ಬುಟ್ಟಿಯ ಎತ್ತರ ಏಳು ಇಂಚು, ಹೆಲ್ಮೆಟ್ಟಿನ ನೆತ್ತಿ ಮಾತ್ರ ಮೇಲೆ ಕಾಣುತ್ತದೆ. ಪೂರ್ತಿ ಮುಚ್ಚುವ ಬುಟ್ಟಿ ಬೇಕು ಅಂತ ಅವಳು ಹಟ ಹಿಡಿದಿದ್ದಳು. ಮುಚ್ಚಿದರೆ ಒದ್ದೆ ಹೆಲ್ಮೆಟ್ ಒಣಗುವುದಿಲ್ಲ, ಮಳೆಗಾಲದಲ್ಲಿ ನಾರುತ್ತದೆ ಅಂದ ಮೇಲೆ ಸುಮ್ಮನಾದಳು.

ಮೇಲೆ, ಬಾಗಿಲ ಕಡೆಯ 12 ಇಂಚು ಖಾಲಿ. ಬಾಗಿಲು ತೆಗೆದ ಕೈ ಮೊದಲು ಹೋಗುವುದು ಅಲ್ಲಿಗೆ, ಪಾರ್ಸೆಲ್ ಇಳಿಯುವುದೂ ಅಲ್ಲಿ. ಅದರ ಪಕ್ಕ ಬೀಗದ ಕೈಗೆ ಒಂದು ಚಪ್ಪಟೆ ಹಿತ್ತಾಳೆ ತಟ್ಟೆ. ಇನ್ನೊಂದು ತುದಿಯಲ್ಲಿ 19 ಇಂಚು ಎತ್ತರದ ಲ್ಯಾಂಪು. ಐದು ವ್ಯಾಟಿನ ಎಲ್‌ಇಡಿ, 2700 ಕೆಲ್ವಿನ್‌ನ ಹಳದಿ ಬೆಳಕಿನದು. ರಾತ್ರಿ ತಡವಾಗಿ ಬರುವವರಿಗೆ ಹಾಲ್‌ನ ಟ್ಯೂಬ್‌ಲೈಟ್ ಹಾಕದೆ ಇದೊಂದೇ ಸಾಕು. ವೈರನ್ನು ಹಿಂದಿನ ಕಾಲಿಗೆ ಮೂರು ಕಡೆ ಕ್ಲಿಪ್ ಹಾಕಿ ಕೆಳಗಿಳಿಸಿದೆ. ಜೋತು ಬಿದ್ದ ವೈರು ಇದ್ದರೆ ಮೇಲೆ ಎಂಥ ವಸ್ತು ಇಟ್ಟರೂ ಕಣ್ಣು ವೈರಿನ ಮೇಲೇ ಹೋಗುತ್ತದೆ.

ಲ್ಯಾಂಪಿನ ಹಿಂದೆ ಗೋಡೆಗೆ 24 ಇಂಚಿನ ದುಂಡು ಕನ್ನಡಿ. ಕನ್ಸೋಲ್‌ನ ಉದ್ದದ ಮೂರರಲ್ಲಿ ಎರಡು ಪಾಲು, ಕೆಳ ಅಂಚು ಟೇಬಲ್‌ನಿಂದ ಏಳು ಇಂಚು ಮೇಲೆ. ಇನ್ನೂ ಮೇಲೆ ಹಾಕಿದರೆ ಕನ್ನಡಿ ಬೇರೆ, ಟೇಬಲ್ ಬೇರೆ ಅನ್ನಿಸುತ್ತದೆ. ಅವಳು ಮೊದಲು ಅದನ್ನು ಬಾಗಿಲಿನ ಎದುರು ಗೋಡೆಗೆ ಹಾಕಬೇಕು ಅಂದಿದ್ದಳು. "ತಲೆಬಾಗಿಲಿಗೆ ಎದುರಾಗಿ ಕನ್ನಡಿ ಬೇಡ" ಅಂತ ಅತ್ತೆ ಒಂದೇ ಮಾತಿನಲ್ಲಿ ಮುಗಿಸಿದರು. ವಾಸ್ತುವಿನ ಬಗ್ಗೆ ನಾನು ವಾದ ಮಾಡುವುದಿಲ್ಲ. ಪಕ್ಕದ ಗೋಡೆಯೇ ಬೆಳಕಿಗೂ ಚೆನ್ನಾಗಿತ್ತು.

ತಟ್ಟೆಗೂ ಲ್ಯಾಂಪಿಗೂ ನಡುವೆ ಏನಿಡಬೇಕು ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ಪಿಂಗಾಣಿ ಹಕ್ಕಿ ತಂದಿದ್ದೆ. ಅತ್ತೆ ಒಂದು ಸಂಜೆ ಹಕ್ಕಿಯನ್ನು ಪಕ್ಕಕ್ಕಿಟ್ಟು ತಮ್ಮ ಕುಂಕುಮ ಭರಣಿಯನ್ನು ತಂದಿಟ್ಟರು. "ಬಂದವ್ರು ಹೊರಟು ನಿಂತಾಗ್ಲೇ ನೆನಪಾಗೋದು. ಒಳಗೆ ಹೋಗಿ ತರೋಷ್ಟರಲ್ಲಿ ಅವ್ರು ಚಪ್ಪಲಿ ಹಾಕ್ಕೊಂಡಿರ್ತಾರೆ" ಅಂದರು. ಎಷ್ಟು ಸರಿ! ಬಾಗಿಲ ಪಕ್ಕದ ಟೇಬಲ್‌ಗೆ ಇದಕ್ಕಿಂತ ಕೆಲಸದ ವಸ್ತು ಯಾವುದು? ಕುಂಕುಮ ಉದುರಿದರೆ ಮರಕ್ಕೆ ಕೆಂಪು ಹಿಡಿಯುತ್ತದೆ ಅಂತ ಕೆಳಗೊಂದು ಪುಟ್ಟ ತಟ್ಟೆ ಕೊಟ್ಟೆ, ನನ್ನ ಪಾಲಿನ ಕೆಲಸ ಅಷ್ಟೇ. ಹಕ್ಕಿ ಈಗ ನಮ್ಮ ಮನೆಯಲ್ಲಿದೆ.

ಬಿದರಿ ಡಬ್ಬಿಯ ಕಥೆ

ಇಲ್ಲೊಂದು ಅನಾಹುತ ಆಯಿತು. ಅವಳ ಮದುವೆಗೆ ಯಾರೋ ಕೊಟ್ಟ ಪುಟ್ಟ ಬಿದರಿ ಡಬ್ಬಿ ಇತ್ತು. ಕಪ್ಪು ಮೈ, ಅದರಲ್ಲಿ ಬೆಳ್ಳಿಯ ಹೂಬಳ್ಳಿ. ಪೆಟ್ಟಿಗೆಯಿಂದ ತೆಗೆಸಿ ಕನ್ಸೋಲ್ ಮೇಲೆ ಬೀಗದ ಕೈ ತಟ್ಟೆಯ ಪಕ್ಕ ಇಟ್ಟೆ. ಹಿತ್ತಾಳೆಯ ಹಳದಿ ಪಕ್ಕ ಆ ಕಪ್ಪು ಎದ್ದು ಕಾಣುತ್ತಿತ್ತು. ಚಿಲ್ಲರೆ, ಸ್ಟ್ಯಾಂಪು ಹಾಕಿಡಲು ಅನುಕೂಲ.

ಎರಡು ವಾರಕ್ಕೆ ಫೋನ್ ಬಂತು. "ಅಕ್ಕಾ, ಡಬ್ಬಿ ಬೂದಿ ಬಣ್ಣ ಆಗಿದೆ." ಶುಕ್ರವಾರ ಹಿತ್ತಾಳೆ ಸಾಮಾನು ತೊಳೆಯುವ ದಿನ. ಚೊಂಬು, ತಟ್ಟೆ, ದೀಪದ ಜೊತೆ ಡಬ್ಬಿಯನ್ನೂ ಹುಣಸೆಹಣ್ಣು ಹಾಕಿ ಗಸಗಸ ಉಜ್ಜಿದ್ದಾರೆ. ತೊಳೆದವರದು ತಪ್ಪಲ್ಲ. ಹಿತ್ತಾಳೆ ಪಕ್ಕ ಇದ್ದದ್ದನ್ನು ಹಿತ್ತಾಳೆ ಅಂದುಕೊಂಡರು. ಪಕ್ಕದಲ್ಲಿ ಇಟ್ಟದ್ದು ನಾನು.

ಬಿದರಿಯ ಮೈ ಹಿತ್ತಾಳೆಯೂ ಅಲ್ಲ, ಕಬ್ಬಿಣವೂ ಅಲ್ಲ. ಬಹುಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ. ಆ ಕಪ್ಪು ಬಳಿದ ಬಣ್ಣವೂ ಅಲ್ಲ. ಬೀದರ್ ಕೋಟೆಯ ಹಳೇ ಮಣ್ಣಿಗೆ ನವಸಾಗರ ಸೇರಿಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚುತ್ತಾರೆ. ಮೇಲ್ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಅಂದರೆ ಕಪ್ಪು ಇರುವುದು ತೆಳುವಾದ ಒಂದು ಪದರದಲ್ಲಿ. ಹುಣಸೆಯ ಹುಳಿ, ತೊಳೆಯುವ ಪುಡಿ, ತಂತಿ ಬ್ರಷ್ಷು ಯಾವುದು ತಾಗಿದರೂ ಅದು ಹೋಗುತ್ತದೆ. ಒಂದು ತೊಟ್ಟು ಕೊಬ್ಬರಿ ಎಣ್ಣೆಯನ್ನು ಮೆತ್ತನೆ ಬಟ್ಟೆಯಲ್ಲಿ ಹಚ್ಚಿ ತಿಕ್ಕಿ, ಒಂದು ರಾತ್ರಿ ಬಿಟ್ಟು ಒರೆಸಿದೆವು. ಉಳಿದಿದ್ದ ಕಪ್ಪು ಗಾಢವಾಯಿತು. ಪೂರ್ತಿ ಹೋದ ಜಾಗ, ಮುಚ್ಚಳದ ಒಂದು ಅಂಚು, ಬೂದಿಯಾಗಿಯೇ ಇದೆ. ಅದನ್ನು ಸರಿ ಮಾಡುವುದು ಎಣ್ಣೆಯ ಕೈಯಲ್ಲಿಲ್ಲ, ಬೀದರ್‌ನ ಕುಶಲಕರ್ಮಿಯೇ ಮತ್ತೆ ಮಣ್ಣು ಹಚ್ಚಿ ಕಪ್ಪು ಮಾಡಬೇಕು.

ಆಮೇಲೆ ನಾನು ಕಲಿತ ಕ್ರಮ ಇದು. ಜೊತೆಗೆ ಇಟ್ಟದ್ದು ಜೊತೆಗೇ ತೊಳೆಯುವ ಮನೆಗೆ ಹೋಗುತ್ತದೆ. ಆದ್ದರಿಂದ ಒಂದು ಗುಂಪಿನಲ್ಲಿ ಒಂದೇ ಬಗೆಯ ಆರೈಕೆ ಬೇಡುವ ಲೋಹ ಇರಲಿ. ಬಿದರಿ ಡಬ್ಬಿ ಈಗ ಲ್ಯಾಂಪಿನ ಬುಡದಲ್ಲಿ, ಹಿತ್ತಾಳೆಯಿಂದ ದೂರ ಇದೆ. ಡ್ರಾಯರಿನಲ್ಲಿ ಅದಕ್ಕೊಂದು ಒಣ ಬಟ್ಟೆ ಇದೆ. ಬಣ್ಣದ ಹೊಂದಿಕೆ ಸ್ವಲ್ಪ ಹೋಯಿತು, ಹೋಗಲಿ.

ಆರು ವಾರದ ಮೇಲೆ

ಮುನ್ಸೂಚನೆ ಕೊಡದೆ ಒಂದು ಮಂಗಳವಾರ ಸಂಜೆ ಹೋದೆ. ಕಾಫಿ ಟ್ರೇ ಬಲಗಡೆ ನೇರ ಇಳಿಯಿತು. ಯಾರೂ ಏನನ್ನೂ ಸರಿಸಲಿಲ್ಲ. ನಡುವಿನ 9 ಇಂಚಿನಲ್ಲಿ ಬಿಡಿಸಿದ ಬಟಾಣಿ, ಸಿಪ್ಪೆ, ಅರ್ಧ ಬರೆದ ಹೋಮ್‌ವರ್ಕ್ ಎಲ್ಲ ಇತ್ತು. ಆದರೂ ಎಡಗಡೆಯ ಟ್ರೇ ಟ್ರೇ ಆಗಿಯೇ ಇತ್ತು. ಕನ್ನಡಕ ಬಟ್ಟಲಲ್ಲಿ, ರಿಮೋಟು ಮೂರರಲ್ಲಿ ಎರಡು ಪೆಟ್ಟಿಗೆಯಲ್ಲಿ. ಖರ್ಚು ಕೇಳುತ್ತೀರಾದರೆ, ಟ್ರೇ, ಬೆತ್ತದ ಪೆಟ್ಟಿಗೆ, ಬಟ್ಟಲು, ಎರಡು ಬುಟ್ಟಿ ಸೇರಿ ಮೂರೂವರೆ ಸಾವಿರದ ಒಳಗೆ. ಲ್ಯಾಂಪು, ಕನ್ನಡಿ ಮೊದಲೇ ಇದ್ದವು. ಆ ಸೋತ ಮುಚ್ಚಳದ ಪೆಟ್ಟಿಗೆಯ ಆರುನೂರು ರೂಪಾಯಿ ಬೇರೆ, ಅದು ನನ್ನ ಲೆಕ್ಕಕ್ಕೆ.

ಕನ್ಸೋಲ್‌ನಲ್ಲಿ ಖಾಲಿ ಬಿಟ್ಟ 12 ಇಂಚು ಮಾತ್ರ ಪೂರ್ತಿ ಗೆದ್ದಿಲ್ಲ. ಪಾರ್ಸೆಲ್ ಬಂದು ಎರಡು ದಿನ ಅಲ್ಲೇ ಕೂರುತ್ತದೆ. ಡ್ರಾಯರಿನಲ್ಲಿ ಒಂದು ಕತ್ತರಿ ಇಟ್ಟ ಮೇಲೆ ಒಂದು ದಿನಕ್ಕೆ ಇಳಿದಿದೆ. ನಿಂತಲ್ಲೇ ಕತ್ತರಿಸುತ್ತಾರೆ, ಡಬ್ಬಿ ಕಸಕ್ಕೆ ಹೋಗುತ್ತದೆ.

ಇನ್ನೊಂದು ತಮಾಷೆ. ಮನೆ ಕೆಲಸದವರು ಟ್ರೇಯನ್ನು ಎತ್ತಿ ಸೋಫಾ ಮೇಲಿಟ್ಟು, ಒರೆಸಿ, ಮತ್ತೆ ಇಡುವಾಗ ಒಂದು ದಿನ ತಿರುಗಿಸಿ ಇಟ್ಟಿದ್ದಾರೆ. ರಿಮೋಟಿನ ಪೆಟ್ಟಿಗೆ ಮುಂದೆ ಬಂದಿದೆ, ಕನ್ನಡಕದ ಬಟ್ಟಲು ಟಿವಿ ಕಡೆಗೆ ಹೋಗಿದೆ. ಅತ್ತೆ ಎದ್ದು ಬಗ್ಗಿ ಕನ್ನಡಕ ತೆಗೆದುಕೊಳ್ಳಬೇಕಾಯಿತು. ಅವರು ಮಾತಾಡದೆ ಮಗುವಿನ ಕೆಂಪು ಕ್ರೇಯಾನ್ ತೆಗೆದುಕೊಂಡು ಟ್ರೇಯ ಒಂದು ಹಿಡಿಯ ಕೆಳಗೆ, ಹೊರಗೆ ಕಾಣದ ಹಾಗೆ, ಒಂದು ಗೀಟು ಎಳೆದಿದ್ದಾರೆ. ಗೀಟು ಕಿಟಕಿ ಕಡೆಗೆ ಬರಬೇಕು. ಅವತ್ತಿನಿಂದ ತಪ್ಪಿಲ್ಲ.

ಫೋನ್ ಚಾರ್ಜರಿನ ವೈರಿಗೆ ಮಾತ್ರ ಇನ್ನೂ ಜಾಗ ಸಿಕ್ಕಿಲ್ಲ. ಪ್ಲಗ್ ಇರುವುದು ಸೋಫಾದ ಹಿಂದೆ, ವೈರು ಸೋಫಾದ ಕೈ ಮೇಲಿಂದ ಇಳಿದು ಟೀಪಾಯಿಗೆ ಬರುತ್ತದೆ. ಎರಡು ಸಲ ಕ್ಲಿಪ್ ಹಾಕಿದೆ, ಎರಡೂ ಸಲ ಕಿತ್ತು ಬಂತು.